ಎದುರಾದ ನಾಯಿಯ ಹಿಂಬದಿಯಲ್ಲಿ ನಮ್ಮ ನಾಯಿ ಓದುವುದೇನು?

ಪ್ರಶ್ನೆ: ನಮ್ಮದು ನಾಲ್ಕು ವರ್ಷದ ಗಂಡುನಾಯಿ. ವಾಕಿಂಗ್ ಹೋದಾಗ ಯಾವ ನಾಯಿ ಎದುರಾದರೂ ಸೀದಾ ಅದರ ಹಿಂಬದಿಗೆ ಮೂಗು ಹಚ್ಚುತ್ತದೆ. ಪಕ್ಕದ ಮನೆಯ ಹೆಣ್ಣುನಾಯಿಯನ್ನು ದಿನಾ ನೋಡುತ್ತದೆ, ಆದರೂ ದಿನಾ ಮೂಸುತ್ತದೆ. ನನಗೆ ಮುಜುಗರವಾಗಿ ಎಳೆದುಬಿಡುತ್ತೇನೆ. ಅಲ್ಲಿ ಅದಕ್ಕೆ ನಿಜಕ್ಕೂ ಏನು ತಿಳಿಯುತ್ತದೆ? ಗುರುತಿರುವ ನಾಯಿಯನ್ನು ಮತ್ತೆ ಮತ್ತೆ ಮೂಸುವುದೇಕೆ? ಎಳೆಯುವುದು ತಪ್ಪೇ?

ಉತ್ತರ: ಮೊದಲು ಬಾಲದ ಕೆಳಗೆ ಏನಿದೆ ಎಂದು ನೋಡೋಣ. ನಾಯಿಯ ಗುದದ್ವಾರವನ್ನು ಗಡಿಯಾರದ ಮುಖವೆಂದುಕೊಂಡರೆ, ಸುಮಾರು 4 ಗಂಟೆ ಮತ್ತು 8 ಗಂಟೆ ತೋರಿಸುವ ಜಾಗಗಳಲ್ಲಿ, ಚರ್ಮದ ಒಳಗೆ, ಎರಡು ಪುಟ್ಟ ಚೀಲಗಳಿರುತ್ತವೆ. ನಾಯಿಯ ಗಾತ್ರಕ್ಕೆ ತಕ್ಕಂತೆ ಅವು ಬಟಾಣಿ ಕಾಳಿನಷ್ಟೋ ಸಣ್ಣ ದ್ರಾಕ್ಷಿಯಷ್ಟೋ ಇರಬಹುದು. ಗುದವನ್ನು ಬಿಗಿಹಿಡಿಯುವ ಒಳಸ್ನಾಯು ಮತ್ತು ಹೊರಸ್ನಾಯುಗಳ ನಡುವೆ ಈ ಚೀಲಗಳು ಸಿಕ್ಕಿಕೊಂಡಂತಿದ್ದು, ಪ್ರತಿಯೊಂದರಿಂದಲೂ ಒಂದು ಕಿರುನಾಳ ಹೊರಟು ಗುದದ ಅಂಚಿನಲ್ಲಿ ಬಾಯಿ ತೆರೆಯುತ್ತದೆ. ಇವನ್ನು ಗುದಚೀಲಗಳೆನ್ನುತ್ತೇವೆ, ರೂಢಿಯ ಮಾತಿನಲ್ಲಿ ಗುದಗ್ರಂಥಿ ಎಂದೇ ಕರೆಯುವುದುಂಟು, ಆದರೆ ಗ್ರಂಥಿಗಳಿರುವುದು ಚೀಲದ ಗೋಡೆಯಲ್ಲಿ, ಚೀಲ ಆ ಗ್ರಂಥಿಗಳು ಸುರಿಸಿದ್ದನ್ನು ಕೂಡಿಡುವ ಉಗ್ರಾಣ ಮಾತ್ರ. ಮಲವಿಸರ್ಜನೆಯ ಹೊತ್ತಿಗೆ ಸ್ನಾಯುಗಳು ಹಿಂಡುವುದರಿಂದ ಸ್ವಲ್ಪ ದ್ರವ ಹೊರಬಂದು ಗುದದ ಸುತ್ತ ಹಾಗೂ ಮಲದ ಮೇಲೆ ಸವರಿಕೊಳ್ಳುತ್ತದೆ. ನಾಯಿ ತೀರಾ ಬೆದರಿದಾಗ ಚೀಲ ಒಮ್ಮೆಲೇ ಖಾಲಿಯಾಗುವುದೂ ಉಂಟು. ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ನಾಯಿಯನ್ನು ಹಿಡಿದುಕೊಂಡವರಿಗೆ ಆ ವಾಸನೆಯ ಪರಿಚಯ ಬೇರೆ ಹೇಳಬೇಕಿಲ್ಲ. ಹಳಸಿದ ಮೀನು ಮತ್ತು ತುಕ್ಕು ಹಿಡಿದ ಕಬ್ಬಿಣ ಬೆರೆತಂತಿರುವ ಅದು ಅಂಗಿಗೆ ಹತ್ತಿದರೆ ಒಂದು ಒಗೆತಕ್ಕೆ ಹೋಗುವುದಿಲ್ಲ.

ಆ ದ್ರವದಲ್ಲಿ ಏನಿದೆ ಎಂಬುದನ್ನು ಅಮೆರಿಕದ ಜಾರ್ಜ್ ಪ್ರೆಟಿ ಮತ್ತು ಸಂಗಡಿಗರು ನಾಯಿಗಳು ಮತ್ತು ಅವುಗಳ ಕಾಡಿನ ಬಂಧುಗಳಾದ ಕಯೋಟಿಗಳಲ್ಲಿ ಪರೀಕ್ಷಿಸಿ 1976ರಲ್ಲಿ ಪ್ರಕಟಿಸಿದರು. ಮುಖ್ಯವಾಗಿ ಕಂಡದ್ದು ಬೇಗನೆ ಆವಿಯಾಗುವ ಹಗುರ ಕೊಬ್ಬಿನಾಮ್ಲಗಳು, ಜೊತೆಗೆ ಮೀನಿನ ವಾಸನೆಗೆ ಕಾರಣವಾಗುವ ಟ್ರೈಮೀಥೈಲಮೀನ್. ಈ ಆಮ್ಲಗಳಲ್ಲಿ ಒಂದು ವಿನೆಗರ್‌ನಲ್ಲಿರುವುದೇ. ಇನ್ನೊಂದು ಕಮಟು ಹಿಡಿದ ಬೆಣ್ಣೆಯಲ್ಲಿರುವುದು. ಅಂದರೆ ನಾಯಿಗೆಂದೇ ಮೀಸಲಾದ ಯಾವುದೋ ನಿಗೂಢ ವಸ್ತು ಅಲ್ಲಿಲ್ಲ. ಮಾಹಿತಿ ಇರುವುದು ಈ ಸಾಮಾನ್ಯ ವಸ್ತುಗಳು ಬೆರೆತಿರುವ ಪ್ರಮಾಣದಲ್ಲಿ: ಒಂದರಲ್ಲಿ ಇದು ಹೆಚ್ಚು, ಅದು ಕಡಿಮೆ; ಇನ್ನೊಂದರಲ್ಲಿ ತಿರುವುಮುರುವು. ಒಂದೇ ಡಬ್ಬಿಯ ಮಸಾಲೆಗಳಿಂದ ಮಾಡಿದರೂ ಒಬ್ಬೊಬ್ಬರ ಕೈಯ ಸಾರು ಒಂದೊಂದು ಬಗೆಯಾಗುವ ಹಾಗೆ.

ಹಾಗಾದರೆ ಒಂದೊಂದು ನಾಯಿಯಲ್ಲಿ ಬೆರಕೆ ಬೇರೆಯಾಗುವುದು ಹೇಗೆ? ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಅತ್ಯಂತ ಸ್ವಾರಸ್ಯಕರ ಭಾಗ ಇದು. ಗುದಚೀಲ ಬೆಚ್ಚಗಿದೆ, ತೇವವಾಗಿದೆ, ಗಾಳಿಯಾಡುವುದಿಲ್ಲ, ಕೊಬ್ಬು ಮತ್ತು ಪ್ರೋಟೀನಿನ ಸರಬರಾಜು ನಿಲ್ಲುವುದಿಲ್ಲ. ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗಲಾರದು. ಗ್ರಂಥಿಗಳು ಸುರಿಸಿದ್ದನ್ನು ಅವು ಹುದುಗಿಸುತ್ತವೆ, ಆ ಹುದುಗುವಿಕೆಯಿಂದಲೇ ಆಮ್ಲಗಳು ಹುಟ್ಟುತ್ತವೆ. ಯಾವ ಚೀಲದಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟು ನೆಲೆಸಿದೆ ಎಂಬುದರ ಮೇಲೆ ಆ ಚೀಲದ ವಾಸನೆ ನಿಂತಿರುತ್ತದೆ. ಈ ವಿಚಾರವನ್ನು 1970ರ ದಶಕದಲ್ಲಿ ಬ್ರಿಟನ್ನಿನ ಮಾರ್ಟಿನ್ ಗೋರ್ಮನ್ ಮುಂಗುಸಿಗಳಲ್ಲಿ ಪರೀಕ್ಷಿಸಿದ್ದರು. ಮುಂಗುಸಿಯ ಗುದಸಂಚಿಯ ಆಮ್ಲಗಳ ಪ್ರಮಾಣ ಒಂದೊಂದರಲ್ಲಿ ಒಂದೊಂದು ರೀತಿ ಇತ್ತು. ತರಬೇತಿ ಪಡೆದ ಮುಂಗುಸಿಗಳು ಆ ವ್ಯತ್ಯಾಸವನ್ನು ಮೂಗಿನಿಂದಲೇ ಹಿಡಿದವು. 2013ರಲ್ಲಿ ಕೆವಿನ್ ಥೈಸ್ ಮತ್ತು ಸಂಗಡಿಗರು ಕತ್ತೆಕಿರುಬಗಳ ಗುದಸಂಚಿಯನ್ನು ಅಧ್ಯಯನ ಮಾಡಿ, ಅಲ್ಲಿನ ಬ್ಯಾಕ್ಟೀರಿಯಾಗಳ ಗುಂಪು ಬದಲಾದಂತೆ ವಾಸನೆಯ ಆಮ್ಲಗಳೂ ಬದಲಾಗುತ್ತವೆ, ಚುಕ್ಕೆ ಕಿರುಬಗಳಲ್ಲಿ ಈ ಬದಲಾವಣೆ ಲಿಂಗಕ್ಕೂ ಸಂತಾನಸ್ಥಿತಿಗೂ ಹೊಂದಿಕೊಂಡಿರುತ್ತದೆ ಎಂದು ತೋರಿಸಿದರು. ನಾಯಿಯಲ್ಲಿಯೂ ಹೀಗೆಯೇ ನಡೆಯುತ್ತದೆಂದು ನಂಬಲು ಒಳ್ಳೆಯ ಕಾರಣಗಳಿವೆ. ಆದರೆ ಕಿರುಬದಲ್ಲಿ ಸಾಬೀತಾದದ್ದನ್ನು ನಾಯಿಯಲ್ಲೂ ಸಾಬೀತಾದಂತೆ ಬರೆಯುವುದು ಅವಸರದ ಮಾತಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಲಿಂಗ, ವಯಸ್ಸು, ಆರೋಗ್ಯ, ತಿಂದ ಊಟ, ಮನಸ್ಸಿನ ಸ್ಥಿತಿ ಎಲ್ಲವನ್ನೂ ನಾಯಿ ಗುದಚೀಲದಿಂದಲೇ ಓದುತ್ತದೆ ಎಂದು ಎಲ್ಲೆಡೆ ಬರೆಯುತ್ತಾರೆ. ಬಾಲದ ಕೆಳಗೆ ವಾಸನೆಯ ಮೂಲ ಒಂದೇ ಅಲ್ಲ. ಚೀಲದ ನಾಳದ ಬಾಯಿಗಳಿಂದ ಕೆಲವೇ ಬೆರಳುಗಳ ಅಂತರದಲ್ಲಿ ಹೆಣ್ಣುನಾಯಿಯ ಜನನಾಂಗವಿದೆ, ಅಲ್ಲಿ ಮೂತ್ರದ ಮತ್ತು ಯೋನಿಸ್ರಾವದ ವಾಸನೆಯಿದೆ. ಗುದದ ಸುತ್ತಲಿನ ಚರ್ಮದಲ್ಲೇ ಬೇರೆ ಗ್ರಂಥಿಗಳಿದ್ದು, ಬೀಜ ತೆಗೆಯದ ಗಂಡುನಾಯಿಗಳಲ್ಲಿ ಗಂಡುಹಾರ್ಮೋನಿನ ಪ್ರಭಾವದಿಂದ ಅವು ದೊಡ್ಡದಾಗಿ ಬೆಳೆಯುತ್ತವೆ. ಬಾಲದ ಬುಡದಿಂದ ತುಸು ದೂರದಲ್ಲಿ, ಬಾಲದ ಮೇಲ್ಮೈಯಲ್ಲಿ, ಮತ್ತೊಂದು ಗ್ರಂಥಿಪ್ರದೇಶವಿದೆ. ನಾಯಿ ಒಂದು ಉಸಿರಿನಲ್ಲಿ ಇವೆಲ್ಲವನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ. ಯಾವ ಸುದ್ದಿ ಯಾವ ಮೂಲದಿಂದ ಬಂತೆಂದು ಬಿಡಿಸುವ ತಲೆನೋವು ನಮ್ಮದು, ಅದರದ್ದಲ್ಲ.

ಹೀಗೆ ಬಿಡಿಸಿ ನೋಡಿದಾಗ ಅತ್ಯಂತ ಗಟ್ಟಿಯಾಗಿ ಹೇಳಬಹುದಾದದ್ದು ಬೆದೆಯ ವಿಷಯ. ಹೆಣ್ಣುನಾಯಿ ಸಾಮಾನ್ಯವಾಗಿ ಆರು ಏಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ರಕ್ತ ಕಾಣುವ ಮೊದಲ ಹಂತ ಸರಾಸರಿ 9 ದಿನ, ಗಂಡನ್ನು ಒಪ್ಪುವ ಮುಂದಿನ ಹಂತ ಮತ್ತೆ ಸುಮಾರು 9 ದಿನ; ನಾಯಿಯಿಂದ ನಾಯಿಗೆ ಇದು ಸಾಕಷ್ಟು ಹೆಚ್ಚುಕಡಿಮೆಯಾಗುತ್ತದೆ. ಮೊದಲ ಹಂತದಲ್ಲೇ ಗಂಡುಗಳು ಹಿಂದೆ ಬೀಳುತ್ತವೆ, ಹೆಣ್ಣು ಅವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅಂದರೆ ವಾಸನೆಯ ಸುದ್ದಿ ಒಪ್ಪಿಗೆಗಿಂತ ಕೆಲವು ದಿನ ಮುಂಚೆಯೇ ತಲುಪಿರುತ್ತದೆ. ಈ ಸುದ್ದಿಯ ವಾಹಕಗಳು ಮೂತ್ರ ಮತ್ತು ಯೋನಿಸ್ರಾವ. ಅದರೊಳಗಿನ ನಿರ್ದಿಷ್ಟ ವಸ್ತುವನ್ನು ಹುಡುಕಿದ ಕಥೆ ಮಾತ್ರ ಸುಖಾಂತವಲ್ಲ. 1979ರಲ್ಲಿ ಬೆದೆಯ ಸ್ರಾವದಿಂದ ಒಂದು ಸರಳ ರಾಸಾಯನಿಕವನ್ನು ಬೇರ್ಪಡಿಸಿ, ಇದೇ ನಾಯಿಯ ಲೈಂಗಿಕ ಗಂಧ ಎಂದು ಘೋಷಿಸಲಾಯಿತು. ಬೆದೆಯಲ್ಲಿಲ್ಲದ ಹೆಣ್ಣಿಗೆ ಅದನ್ನು ಹಚ್ಚಿದರೆ ಗಂಡುಗಳು ಮರುಳಾಗುತ್ತವೆ ಎಂಬ ವರದಿಯೂ ಬಂತು. ಕೆಲವೇ ವರ್ಷಗಳಲ್ಲಿ ಅದನ್ನು ಮತ್ತೆ ಪರೀಕ್ಷಿಸಿದವರಿಗೆ ಆ ಫಲ ದೊರೆಯಲಿಲ್ಲ. ಇಲ್ಲಿಯೂ ಒಂದು ಮಂತ್ರವಸ್ತುವಿಗಿಂತ ಬೆರಕೆಯೇ ಮುಖ್ಯವಿರಬೇಕೆಂದು ನನಗೆ ತೋರುತ್ತದೆ.

ಬೆದೆಯ ನಂತರ ಗಟ್ಟಿಯಾಗಿ ಹೇಳಬಹುದಾದದ್ದು ಗುರುತು. ಒಂದು ನಾಯಿಯ ವಾಸನೆಯನ್ನು ಮತ್ತೊಂದರಿಂದ, ತನ್ನದನ್ನು ಇತರರದ್ದರಿಂದ ನಾಯಿ ಬೇರ್ಪಡಿಸುತ್ತದೆ. ಮಾರ್ಕ್ ಬೆಕಾಫ್ ಎಂಬ ವಿಜ್ಞಾನಿ ಮೂತ್ರದಿಂದ ಹಳದಿಯಾದ ಹಿಮವನ್ನು ಜಾಗದಿಂದ ಜಾಗಕ್ಕೆ ಸಾಗಿಸಿ, ತಮ್ಮ ನಾಯಿ ತನ್ನ ಮೂತ್ರದ ಬಳಿ ಬೇರೆ ನಾಯಿಗಳ ಮೂತ್ರದ ಬಳಿಗಿಂತ ಕಡಿಮೆ ಹೊತ್ತು ಮೂಸುತ್ತದೆ ಎಂಬುದನ್ನು 2001ರಲ್ಲಿ ವರದಿ ಮಾಡಿದರು. ಆರೋಗ್ಯ ಮತ್ತು ಭಯದ ಸುದ್ದಿಗಳೂ ಹಿಂಬದಿಯಿಂದ ಸಿಗುವುದು ಸಾಧ್ಯ: ಬೆದರಿ ಚೀಲ ಖಾಲಿಮಾಡಿಕೊಂಡ ನಾಯಿಯ ವಾಸನೆ ಬೇರೆ, ಸೋಂಕಾದ ಚೀಲದ ವಾಸನೆ ಬೇರೆ, ಅಷ್ಟನ್ನು ಮನುಷ್ಯನ ಮೂಗೇ ಹಿಡಿಯುತ್ತದೆ. ಆದರೆ ಮೂಸಿದ ನಾಯಿ ಅದರಿಂದ "ಇದಕ್ಕೆ ಹುಷಾರಿಲ್ಲ" ಎಂಬ ತೀರ್ಮಾನಕ್ಕೆ ಬರುತ್ತದೆ ಎನ್ನುವಷ್ಟು ದೂರ ನಾನು ಹೋಗಲಾರೆ. ವಾಸನೆ ಬದಲಾಗಿದೆ ಎಂಬುದು ಅದಕ್ಕೆ ತಿಳಿಯುತ್ತದೆ, ಬದಲಾದದ್ದನ್ನು ಅದು ಹೆಚ್ಚು ಹೊತ್ತು ಮೂಸುತ್ತದೆ.

ಮೂಗಿನ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಮೂಸುವಾಗ ನಾಯಿ ಸೆಕೆಂಡಿಗೆ ಸುಮಾರು 5 ಸಲ ಗಾಳಿ ಎಳೆದು ಬಿಡುತ್ತದೆ. ಎಳೆದ ಗಾಳಿ ಹೊಳ್ಳೆಗಳ ಮುಂದಿನಿಂದ ಒಳಹೋಗುತ್ತದೆ. ಬಿಟ್ಟದ್ದು ಹೊಳ್ಳೆಯ ಪಕ್ಕದ ಸೀಳಿನಿಂದ ಹಿಂದಕ್ಕೆ ಹಾಯುತ್ತದೆ, ಆದ್ದರಿಂದ ತಾನು ಮೂಸುತ್ತಿರುವ ವಾಸನೆಯನ್ನು ತಾನೇ ಊದಿ ಚೆದುರಿಸುವುದಿಲ್ಲ. ನಿಮ್ಮ ನಾಯಿ ಧೂಳಿನ ನೆಲವನ್ನು ಮೂಸುವಾಗ ಮೂಗಿನ ಎರಡೂ ಪಕ್ಕದಲ್ಲಿ ಧೂಳು ಸಣ್ಣಗೆ ಏಳುವುದನ್ನು ಗಮನಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಮೇಲಿನ ಮುಂಹಲ್ಲುಗಳ ಹಿಂದೆ ಅಂಗುಳಿನಲ್ಲಿ ತೆರೆದುಕೊಳ್ಳುವ ಇನ್ನೊಂದು ವಾಸನೆಯ ಅಂಗವೂ ಇದೆ. ಹೆಣ್ಣಿನ ಮೂತ್ರ ನೆಕ್ಕಿದ ಗಂಡು ದವಡೆಯನ್ನು ಚಟಚಟ ಆಡಿಸಿ ಬಾಯಲ್ಲಿ ನೊರೆ ಬರಿಸುವುದು ಅದಕ್ಕೆ ವಸ್ತುವನ್ನು ತಲುಪಿಸಲೆಂದು ವಿವರಿಸಲಾಗುತ್ತದೆ. ಹಿಂಬದಿ ಮೂಸುವುದರ ಗುಟ್ಟೆಲ್ಲ ಈ ಅಂಗದಲ್ಲೇ ಇದೆ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ: ಈ ಅಂಗಕ್ಕೆ ಸೇರಿದ ಗ್ರಾಹಕಗಳ ಮುಖ್ಯ ಕುಟುಂಬದಲ್ಲಿ ಇಲಿಗೆ ಕೆಲಸ ಮಾಡುವ ಜೀನುಗಳು 100ಕ್ಕೂ ಹೆಚ್ಚಿದ್ದರೆ ನಾಯಿಗೆ ಉಳಿದಿರುವುದು 10ಕ್ಕಿಂತ ಕಡಿಮೆ, ಮತ್ತು ಗುದಚೀಲದ ಹಗುರ ಆಮ್ಲಗಳು ಹಿಡಿಯಲು ಸಾಮಾನ್ಯ ಮೂಗೇ ಸಾಕು.

ಈಗ ನಿಮ್ಮ ನಾಯಿ ಮತ್ತು ಪಕ್ಕದ ಮನೆಯ ನಾಯಿಯ ಭೇಟಿಯನ್ನೇ ನಿಧಾನವಾಗಿ ನೋಡೋಣ. ಎರಡೂ ಬಿಡುವಾಗಿದ್ದರೆ ಮುಖಕ್ಕೆ ಮುಖ ಕೊಟ್ಟು ನೇರ ಬರುವುದಿಲ್ಲ, ಸ್ವಲ್ಪ ಬಾಗಿದ ದಾರಿಯಲ್ಲಿ ಬರುತ್ತವೆ. ಮೂತಿಗಳು ಕ್ಷಣಕಾಲ ತಾಗುತ್ತವೆ, ಬಾಯಿಯ ಅಂಚು ಮತ್ತು ಕಿವಿಯ ವಾಸನೆ ನೋಡುವುದಾಗುತ್ತದೆ. ಬಳಿಕ ಪಕ್ಕೆಗೆ ಪಕ್ಕೆ ಸರಿದು, ಒಂದರ ತಲೆ ಇನ್ನೊಂದರ ಬಾಲದ ಕಡೆಗೆ ಬರುವಂತೆ ನಿಲ್ಲುತ್ತವೆ. ಈ ನಿಲುವಿನಲ್ಲಿ ಎರಡರ ಹಲ್ಲುಗಳೂ ಪರಸ್ಪರ ಗಂಟಲಿನಿಂದ ದೂರವಿರುತ್ತವೆ ಎಂಬುದನ್ನು ಗಮನಿಸಿ. ಹಿಂಬದಿ ಮೂಸುವುದು ಸುದ್ದಿ ಕೊಡುವುದಷ್ಟೇ ಅಲ್ಲ, ಅಪರಿಚಿತರು ಹತ್ತಿರ ನಿಲ್ಲಬಹುದಾದ ಸುರಕ್ಷಿತ ಭಂಗಿಯೂ ಹೌದು. ಇಂಗ್ಲೆಂಡಿನಲ್ಲಿ ಜಾನ್ ಬ್ರಾಡ್‌ಶಾ ಮತ್ತು ಆ್ಯಮಂಡಾ ಲೀ ಬಿಡುನಾಯಿಗಳ ಭೇಟಿಗಳನ್ನು ಗಮನಿಸಿ 1992ರಲ್ಲಿ ಬರೆದ ಪ್ರಬಂಧದ ಪ್ರಕಾರ ಗಂಡುಗಳ ಒಲವು ಹಿಂಬದಿಯ ಕಡೆಗೆ ಹೆಚ್ಚು, ಹೆಣ್ಣುಗಳದ್ದು ತಲೆಯ ಕಡೆಗೆ. ನಿಮ್ಮ ಗಂಡುನಾಯಿ ಸೀದಾ ಹಿಂದಕ್ಕೆ ಹೋಗುವುದರಲ್ಲಿ ಅಸಹಜವಾದದ್ದೇನೂ ಇಲ್ಲ.

ಆ ಹೊತ್ತಿನಲ್ಲಿ ಬಾಲವನ್ನು ನೋಡಿ. ಬಾಲ ಮೇಲಿದ್ದರೆ ವಾಸನೆಯ ಬಾಗಿಲು ತೆರೆದಿದೆ. ಅದನ್ನು ಅಲ್ಲಾಡಿಸಿದರೆ ವಾಸನೆ ಇನ್ನಷ್ಟು ಹರಡುತ್ತದೆ. ಬಾಲವನ್ನು ಕಾಲುಗಳ ನಡುವೆ ಒತ್ತಿಕೊಂಡ ನಾಯಿ ಹೆದರಿದೆ ಎನ್ನುತ್ತೇವೆ, ಸರಿಯೇ, ಆದರೆ ಅದು ಮಾಡುತ್ತಿರುವುದು ತನ್ನ ಸುದ್ದಿಯನ್ನು ಮುಚ್ಚಿಡುವ ಕೆಲಸ ಕೂಡ. ಪಕ್ಕದ ಮನೆಯ ನಾಯಿ ಕುಳಿತುಬಿಟ್ಟರೆ ಅದರ ಅರ್ಥ "ಸಾಕು". ಒಳ್ಳೆಯ ಸಂಸ್ಕಾರದ ನಾಯಿ ಆಗ ಬಿಟ್ಟುಬಿಡುತ್ತದೆ. ಸಾಮಾನ್ಯ ದಿನಗಳಲ್ಲಿ ಇಡೀ ಕಾರ್ಯಕ್ರಮ ಕೆಲವೇ ಸೆಕೆಂಡುಗಳದ್ದು.

ದಿನಾ ನೋಡುವ ನಾಯಿಯನ್ನು ದಿನಾ ಮೂಸುವುದೇಕೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟರಲ್ಲೇ ಅಡಗಿದೆ. "ಇದು ಯಾರು" ಎಂಬುದು ದೂರದಿಂದಲೇ, ಕಣ್ಣಿನಿಂದಲೇ ತಿಳಿದಿರುತ್ತದೆ. ಮೂಗು ಕೇಳುವುದು "ಇವತ್ತು ಹೇಗಿದೆ" ಎಂಬುದನ್ನು. ಬೆದೆಯ ಹಂತ ದಿನದಿಂದ ದಿನಕ್ಕೆ ಸರಿಯುತ್ತದೆ. ಚೀಲದ ದ್ರವವೂ ನಿಂತ ನೀರಲ್ಲ: ಆರೋಗ್ಯವಂತ ನಾಯಿಗಳಲ್ಲೇ ಅದು ಒಂದರಲ್ಲಿ ತೆಳ್ಳಗೆ ಹಳದಿಯಾಗಿ, ಇನ್ನೊಂದರಲ್ಲಿ ಮಂದವಾಗಿ ಕಂದಾಗಿ ಇರುತ್ತದೆ, ಒಂದೇ ನಾಯಿಯಲ್ಲಿ ಸಮಯದಿಂದ ಸಮಯಕ್ಕೆ ಬದಲಾಗುತ್ತದೆ. ನಿಮ್ಮ ನಾಯಿ ಎಂದಿನ ಎರಡು ಮೂರು ಸೆಕೆಂಡು ಬಿಟ್ಟು ಒಂದು ದಿನ ಅಲ್ಲಿಯೇ ಅಂಟಿಕೊಂಡು ನಿಂತರೆ ಸುದ್ದಿ ಬದಲಾಗಿದೆ ಎಂದು ಲೆಕ್ಕ. ಹೆಣ್ಣುನಾಯಿಗೆ ಸಂತಾನಹರಣ ಚಿಕಿತ್ಸೆ ಆಗಿಲ್ಲವಾದರೆ ಮೊದಲ ಊಹೆ ಬೆದೆ. ಮನೆಯವರು ರಕ್ತದ ಕಲೆ ಗಮನಿಸುವ ಮುಂಚೆಯೇ ನೆರೆಯ ಗಂಡುನಾಯಿ ಗಮನಿಸಿರುವುದು ಅಪರೂಪವೇನಲ್ಲ. ಚಿಕಿತ್ಸೆ ಆಗಿದ್ದರೆ ಬೇರೆ ಕಾರಣ ಹುಡುಕಬೇಕು.

ಹಾಗೆ ಹುಡುಕಿದ ಒಂದು ಪ್ರಸಂಗವನ್ನು ಹೇಳುತ್ತೇನೆ. ಆರು ವರ್ಷದ, ಸಂತಾನಹರಣ ಚಿಕಿತ್ಸೆಯಾದ ಒಂದು ಸಣ್ಣ ತಳಿಯ ಹೆಣ್ಣುನಾಯಿಯನ್ನು "ಸ್ವಭಾವ ಕೆಟ್ಟಿದೆ" ಎಂಬ ದೂರಿನೊಂದಿಗೆ ನನ್ನ ಬಳಿ ತಂದಿದ್ದರು. ಎರಡು ವರ್ಷದಿಂದ ಜೊತೆಯಲ್ಲಿ ಆಡುತ್ತಿದ್ದ ಗಂಡುನಾಯಿ ಕೆಲವು ದಿನಗಳಿಂದ ಇದರ ಹಿಂದೆಯೇ ಬೀಳುತ್ತಿತ್ತು, ಇದು ತಿರುಗಿ ಹಲ್ಲು ತೋರಿಸುತ್ತಿತ್ತು, ಕೊನೆಗೆ ಒಂದು ದಿನ ಕಚ್ಚಿಯೂ ಬಿಟ್ಟಿತ್ತು. ಕೇಳಿದಾಗ ಒಡತಿ ಹೇಳಿದ್ದು: ನೆಲಕ್ಕೆ ಹಿಂಬದಿ ಉಜ್ಜುತ್ತದೆ, ಕುಳಿತದ್ದು ಥಟ್ಟನೆ ಎದ್ದು ಬಾಲದ ಬುಡವನ್ನು ತಿರುಗಿ ನೋಡುತ್ತದೆ. ಹುಳು ಇರಬೇಕೆಂದು ಔಷಧ ಕೊಟ್ಟಿದ್ದರು, ಫಲವಿರಲಿಲ್ಲ. ಬಾಲ ಎತ್ತಿ ನೋಡಿದರೆ ಬಲಗಡೆ, ಆ 4 ಗಂಟೆಯ ಜಾಗದಲ್ಲಿ, ಚರ್ಮ ಕೆಂಪಾಗಿ ಉಬ್ಬಿತ್ತು. ಎಡ ಚೀಲವನ್ನು ಕೈಗವಸಿನ ಬೆರಳಿನಿಂದ ಮೆಲ್ಲಗೆ ಒತ್ತಿದಾಗ ತೆಳು ಕಂದು ದ್ರವ ಸಲೀಸಾಗಿ ಬಂತು. ಬಲಗಡೆಯದ್ದು ಟೂತ್‌ಪೇಸ್ಟಿನಷ್ಟು ಗಟ್ಟಿಯಾಗಿ ನಾಳದಲ್ಲಿ ಕಟ್ಟಿಕೊಂಡಿತ್ತು, ಹಿಂದೆಯೇ ಕೀವು, ಸ್ವಲ್ಪ ರಕ್ತ. ಚೀಲವನ್ನು ಖಾಲಿಮಾಡಿ, ತೊಳೆದು, ಸೋಂಕಿಗೂ ನೋವಿಗೂ ಔಷಧ ಕೊಟ್ಟೆವು. ಎರಡು ವಾರದ ನಂತರ ಎರಡೂ ನಾಯಿಗಳು ಎಂದಿನಂತೆ ಮೂಸಿ, ಎಂದಿನಂತೆ ಆಟಕ್ಕೆ ಹೊರಟವು ಎಂದು ತಿಳಿಯಿತು. ಗಂಡುನಾಯಿಗೆ ಕಾಯಿಲೆ ಗೊತ್ತಾಗಿತ್ತೆಂದು ನಾನು ಹೇಳುವುದಿಲ್ಲ. ಗೆಳತಿಯ ವಾಸನೆ ಗೆಳತಿಯದ್ದಲ್ಲ ಎಂಬುದು ಗೊತ್ತಾಗಿತ್ತು. ನೋವಿದ್ದ ಜಾಗಕ್ಕೆ ಮೂಗು ತಾಗಿದ್ದೇ ಕಚ್ಚಿಗೆ ಕಾರಣ.

ಇದನ್ನು ಓದಿದ ಕೆಲವರು ಮುನ್ನೆಚ್ಚರಿಕೆಯೆಂದು ತಿಂಗಳಿಗೊಮ್ಮೆ ಚೀಲ ಹಿಂಡಿಸಲು ಹೊರಡಬಹುದು. ಬೇಡ. ತೊಂದರೆಯಿಲ್ಲದ ಚೀಲವನ್ನು ಪದೇಪದೇ ಹಿಂಡಿದರೆ ನಾಳಕ್ಕೆ ಗಾಯವಾಗಿ ಊದಿಕೊಂಡು, ಇಲ್ಲದ ತೊಂದರೆಯನ್ನು ತಂದುಕೊಂಡಂತಾಗುತ್ತದೆ. ನೆಲಕ್ಕೆ ಉಜ್ಜುವುದು, ಒಂದೇ ಸಮನೆ ನೆಕ್ಕುವುದು, ಒಂದು ಪಕ್ಕ ಮಾತ್ರ ಊದುವುದು, ಮಲಗಿದ ಜಾಗದಲ್ಲಿ ಮೀನಿನ ವಾಸನೆ ಉಳಿಯುವುದು ಕಂಡರೆ ತೋರಿಸಿ.

ಇನ್ನು ನೀವು ಎಳೆಯುವ ವಿಷಯ. ಹೌದು, ತಪ್ಪು, ಅದರಲ್ಲೂ ಮೂಗು ತಲುಪುವ ಹೊತ್ತಿಗೆ ಎಳೆಯುವುದು. ಬಿಗಿದ ಹಗ್ಗ ನಾಯಿಯ ಎದೆ ತಲೆಗಳನ್ನು ಮೇಲೆತ್ತಿಸಿ, ಎದುರಿನದಕ್ಕೆ ಸವಾಲಿನ ಭಂಗಿಯಂತೆ ಕಾಣಿಸುತ್ತದೆ. ಪಕ್ಕಕ್ಕೆ ಸರಿಯುವ ದಾರಿ ಇಬ್ಬರಿಗೂ ಮುಚ್ಚಿ, ಮುಖಾಮುಖಿ ಮಾತ್ರ ಉಳಿಯುತ್ತದೆ. ಹಗ್ಗದಲ್ಲಿರುವ ನಾಯಿಗಳ ನಡುವೆ ಗುರುಗುಟ್ಟುವಿಕೆ ಬಿಡುನಾಯಿಗಳಿಗಿಂತ ಹೆಚ್ಚು ಕಾಣುವುದಕ್ಕೆ ಇದೊಂದು ಕಾರಣ. ಆದ್ದರಿಂದ ಎದುರಿನ ನಾಯಿಯ ಜೊತೆಗಿರುವವರ ಒಪ್ಪಿಗೆ ಕೇಳಿ, ಹಗ್ಗವನ್ನು ಸಡಿಲ ಬಿಡಿ, ಎರಡು ಹಗ್ಗಗಳು ಸುತ್ತಿಕೊಳ್ಳದಂತೆ ನೀವೂ ಅವುಗಳ ಜೊತೆ ಸುತ್ತು ಬನ್ನಿ, ಮನಸ್ಸಿನಲ್ಲೇ ಮೂರು ಎಣಿಸಿ, ಬಳಿಕ ನಾಯಿಯ ಹೆಸರು ಕರೆದು ಮುಂದೆ ನಡೆಯಿರಿ. ಎದುರಿನದು ಬಾಲ ಒತ್ತಿಕೊಂಡರೆ, ಕುಳಿತರೆ, ಕಲ್ಲಿನಂತೆ ಸೆಟೆದು ನಿಂತರೆ ಎಣಿಕೆ ಮುಗಿಯುವವರೆಗೆ ಕಾಯಬೇಡಿ. ನಿಮ್ಮ ನಾಯಿ ಮೂಸುವುದನ್ನು ಬಿಟ್ಟು ಬೆನ್ನಿನ ಮೇಲೆ ಹತ್ತಲು ಹೊರಟರೂ ಅಷ್ಟೇ. ಪಕ್ಕದ ಮನೆಯವರಿಗೆ ಮಾತ್ರ ಒಂದು ಮಾತು ಕೇಳಿ: ಅವರ ನಾಯಿಗೆ ಸಂತಾನಹರಣ ಚಿಕಿತ್ಸೆ ಆಗಿದೆಯೇ? ಆಗಿಲ್ಲವಾದರೆ, ನಿಮ್ಮದಕ್ಕೂ ಆಗಿಲ್ಲವಾದರೆ, ಅದು ಅಂಟಿಕೊಂಡು ಮೂಸಲು ತೊಡಗಿದ ದಿನದಿಂದ ಮೂರು ನಾಲ್ಕು ವಾರ ಎರಡನ್ನೂ ದೂರವೇ ಇಡಿ.